ನಷ್ಟ ಇದ್ದರೂ ಓಡಿಸೋದು ಯಾವಾಗ, ನಿಲ್ಲಿಸೋದು ಯಾವಾಗ?

ಪರಿಪೂರ್ಣ ಪೈಪೋಟಿಯಲ್ಲಿ ಬೆಲೆ ನಿರ್ಧಾರವಾಗುವುದು ಮಾರುಕಟ್ಟೆಯಲ್ಲಿ. ಎಷ್ಟು ತಯಾರಿಸಬೇಕು ಅನ್ನೋದಷ್ಟೇ ಉದ್ಯಮ ಘಟಕದ ಕೈಯಲ್ಲಿದೆ. ಆ "ಎಷ್ಟು" ಸೊನ್ನೆಯೂ ಆಗಬಹುದು. ಲೆಕ್ಕ ಮಾಡುವಾಗ ಸುಮಾರು ಜನ ಬಿಟ್ಟುಬಿಡೋದು ಇದನ್ನೇ.

ಒಂದು ಉದ್ಯಮ ಘಟಕದ ದಿನದ ಸ್ಥಿರ ವೆಚ್ಚ 90 ಇರಲಿ. ಕಟ್ಟಡದ ಬಾಡಿಗೆ, ಸಾಲದ ಬಡ್ಡಿ ಇಂಥವು. ಕಚ್ಚಾ ಮಾಲು, ದಿನಗೂಲಿ, ಕರೆಂಟು ಸೇರಿದ ಬದಲಾಗುವ ವೆಚ್ಚ ಕೆಳಗಿದೆ. ಸೀಮಾಂತ ವೆಚ್ಚ ಅಂದರೆ ಇನ್ನೊಂದು ಘಟಕ ಸರಕು ಮಾಡಲು ತಗಲುವ ಹೆಚ್ಚುವರಿ ವೆಚ್ಚ:

| ಪ್ರಮಾಣ | ಬದಲಾಗುವ ವೆಚ್ಚ | ಅದರ ಸರಾಸರಿ | ಸೀಮಾಂತ ವೆಚ್ಚ |
|---|---|---|---|
| 1 | 50 | 50 | 50 |
| 2 | 80 | 40 | 30 |
| 3 | 105 | 35 | 25 |
| 4 | 140 | 35 | 35 |
| 5 | 190 | 38 | 50 |

ಮೊದಲು ಬೆಲೆ 50 ಅಂತ ಇಟ್ಟುಕೊಳ್ಳಿ. 5 ಘಟಕ ಮಾಡಿದರೆ ಆದಾಯ 250, ಅದರಲ್ಲಿ 190 ಬದಲಾಗುವ ವೆಚ್ಚಕ್ಕೆ ಹೋಗುತ್ತದೆ. ಉಳಿದ 60 ಸ್ಥಿರ ವೆಚ್ಚಕ್ಕೆ ಸೇರುತ್ತದೆ. ಆದರೂ 30 ನಷ್ಟ. ನಿಲ್ಲಿಸಿದರೆ? ಬಾಡಿಗೆ, ಬಡ್ಡಿ ಕಟ್ಟಲೇಬೇಕು, ನಷ್ಟ 90. ಹಾಗಾಗಿ ನಷ್ಟದಲ್ಲೇ ಓಡಿಸೋದು ಜಾಣತನ.

ಈಗ ಬೆಲೆ 30ಕ್ಕೆ ಇಳಿಯಿತು ಅನ್ನಿ. ಸೀಮಾಂತ ವೆಚ್ಚ ಏರುವ ಹಂತದಲ್ಲಿ ಬೆಲೆಯನ್ನು ದಾಟದ ತನಕ ಮಾಡಬೇಕು ಅನ್ನೋ ನಿಯಮ 3 ಘಟಕ ಮಾಡು ಎನ್ನುತ್ತದೆ. ಮಾಡಿದರೆ ಆದಾಯ 90, ಬದಲಾಗುವ ವೆಚ್ಚವೇ 105. ಸ್ಥಿರ ವೆಚ್ಚಕ್ಕೆ ಒಂದು ಪೈಸೆಯೂ ಸಿಗುವುದಿಲ್ಲ, ಮೇಲಿಂದ 15 ಕೈಯಿಂದ ಹಾಕಬೇಕು. ಒಟ್ಟು ನಷ್ಟ 105. ಸುಮ್ನೆ ಬಾಗಿಲು ಹಾಕಿದರೆ 90 ಅಷ್ಟೇ.

ಹಾಗಾದರೆ ಆ ನಿಯಮ ತಪ್ಪಾ? ಇಲ್ಲ. ಅದು ತಯಾರಿಸುವ ಪ್ರಮಾಣಗಳಲ್ಲೇ ಯಾವುದು ವಾಸಿ ಅಂತ ಹೇಳುತ್ತದೆ. ಈ ಬೆಲೆಗೆ 2 ಅಥವಾ 4 ಮಾಡಿದರೆ ಒಟ್ಟು ನಷ್ಟ 110, ಅಂದರೆ 3 ವಾಸಿಯೇ. ಸೊನ್ನೆಯ ಜೊತೆ ಹೋಲಿಸುವ ಕೆಲಸ ಮಾತ್ರ ನಾವು ಬೇರೆಯಾಗಿ ಮಾಡಬೇಕು. ನಮ್ಮ ಪಟ್ಟಿಯಲ್ಲಿ ಸರಾಸರಿ ಬದಲಾಗುವ ವೆಚ್ಚ 35ಕ್ಕಿಂತ ಕೆಳಗೆ ಎಲ್ಲೂ ಇಳಿಯೋದಿಲ್ಲ. ಬೆಲೆ ಅದಕ್ಕಿಂತ ಕಡಿಮೆಯಾದರೆ ಎಷ್ಟೇ ತಯಾರಿಸಿದರೂ ಕೈಯಿಂದಲೇ ಹೋಗುತ್ತದೆ. ಸರಿಯಾಗಿ 35 ಇದ್ದರೆ ಓಡಿಸಿದರೂ ನಿಲ್ಲಿಸಿದರೂ ನಷ್ಟ 90.

ಸ್ಥಿರ ವೆಚ್ಚ 90ರ ಬದಲು 500 ಆಗಿದ್ದರೆ? ಬೆಲೆ 50 ಇರುವಾಗ ಓಡಿಸಿದರೆ ನಷ್ಟ 440, ನಿಲ್ಲಿಸಿದರೆ 500. ವ್ಯತ್ಯಾಸ ಅದೇ 60. ಎರಡೂ ಕಡೆ ಒಂದೇ ಮೊತ್ತ ಇರುವುದರಿಂದ ಅದು ತೀರ್ಮಾನವನ್ನು ಅಲುಗಾಡಿಸುವುದಿಲ್ಲ. ಪರೀಕ್ಷೆಯಲ್ಲಿ ಬೆಲೆಯನ್ನು ಸರಾಸರಿ ಒಟ್ಟು ವೆಚ್ಚದ ಜೊತೆ ಹೋಲಿಸಿ "ನಿಲ್ಲಿಸಬೇಕು" ಅಂತ ಬರೆದರೆ ಅಂಕ ಹೋಯಿತು ಅಂತಲೇ ಲೆಕ್ಕ. ಆ ಹೋಲಿಕೆ ಬೇಕಾಗೋದು ದೀರ್ಘಾವಧಿಯಲ್ಲಿ, ಉದ್ಯಮದಿಂದಲೇ ಹೊರಹೋಗುವ ಪ್ರಶ್ನೆ ಬಂದಾಗ.

ಒಂದು ಎಚ್ಚರಿಕೆ ಇದೆ. "ಸ್ಥಿರ" ಅಂದ ಮಾತ್ರಕ್ಕೆ ವೆಚ್ಚವನ್ನು ಲೆಕ್ಕದಿಂದ ತೆಗೆಯಬೇಡಿ. ಕುಲುಮೆಯನ್ನು ದಿನಾ ಬಿಸಿ ಮಾಡಲು 20 ಬೇಕು ಅಂದುಕೊಳ್ಳಿ. ಒಂದು ಘಟಕ ಮಾಡಿದರೂ ಐದು ಮಾಡಿದರೂ ಅಷ್ಟೇ, ಆದರೆ ನಿಲ್ಲಿಸಿದರೆ ಆ ಖರ್ಚೇ ಇರುವುದಿಲ್ಲ. ಅದನ್ನು ಬದಲಾಗುವ ವೆಚ್ಚದ ಜೊತೆಗೇ ಕೂಡಿಸಬೇಕು. ಆಗ 4 ಘಟಕಕ್ಕೆ 160 ಆಗುತ್ತದೆ, ನಿಲ್ಲಿಸುವ ಬೆಲೆ 35ರಿಂದ 40ಕ್ಕೆ ಏರುತ್ತದೆ.