ಸಹಿ ತಾಳೆಯಾಗದ ಚೆಕ್ ಮತ್ತು ಮಾದರಿ ಸಹಿಯ ಬದಲಾವಣೆ

ಚೆಕ್ ಎಂಬುದು ಖಾತೆದಾರರು ತಮ್ಮ ಬ್ಯಾಂಕಿಗೆ ಕೊಡುವ ಲಿಖಿತ ಆದೇಶ. ಆ ಆದೇಶ ಅವರದೇ ಎನ್ನಲು ಬ್ಯಾಂಕಿಗಿರುವ ಮುಖ್ಯ ಆಧಾರ ಸಹಿ. ಖೋಟಾ ಸಹಿಯ ಚೆಕ್ಕಿಗೆ ಹಣ ಕೊಟ್ಟ ಬ್ಯಾಂಕು ಆ ಮೊತ್ತವನ್ನು ಖಾತೆದಾರರ ಲೆಕ್ಕಕ್ಕೆ ಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1987ರಲ್ಲಿ, ಕೆನರಾ ಸೇಲ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಹೇಳಿತು. ಆದ್ದರಿಂದಲೇ ಖಾತೆಯಲ್ಲಿ ಹಣವಿದ್ದರೂ, ಸಹಿಯ ಬಗ್ಗೆ ಸಂದೇಹ ಬಂದರೆ ಚೆಕ್ ವಾಪಸಾಗುತ್ತದೆ.

ಒಂದು ಉದಾಹರಣೆ ನೋಡೋಣ. ಮಂಡ್ಯದ ರೈತರೊಬ್ಬರು ಖಾತೆ ತೆರೆಯುವಾಗ ಕನ್ನಡದಲ್ಲಿ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದರು. ಈಗ ಇಂಗ್ಲಿಷಿನಲ್ಲಿ ಚುಟುಕಾಗಿ ಸಹಿ ಮಾಡುತ್ತಾರೆ. ಪಂಪ್‌ಸೆಟ್‌ಗಾಗಿ ಮೈಸೂರಿನ ಅಂಗಡಿಯವರಿಗೆ ಅವರು ಕೊಟ್ಟ 40,000 ರೂಪಾಯಿಯ ಚೆಕ್ಕನ್ನು ಅಂಗಡಿಯವರ ಬ್ಯಾಂಕು ಸ್ಕ್ಯಾನ್ ಮಾಡಿ, ಅದರ ಚಿತ್ರವನ್ನು ಮಾತ್ರ ಕ್ಲಿಯರಿಂಗ್‌ಗೆ, ಅಂದರೆ ಬ್ಯಾಂಕುಗಳ ನಡುವೆ ಚೆಕ್ ಇತ್ಯರ್ಥವಾಗುವ ವ್ಯವಸ್ಥೆಗೆ, ಕಳುಹಿಸುತ್ತದೆ. ರೈತರ ಬ್ಯಾಂಕಿನ ಕ್ಲಿಯರಿಂಗ್ ವಿಭಾಗದಲ್ಲಿ ಕುಳಿತ ಅಧಿಕಾರಿ ಅವರನ್ನು ಎಂದೂ ಕಂಡಿರುವುದಿಲ್ಲ. ಪರದೆಯ ಮೇಲೆ ಚೆಕ್ಕಿನ ಸಹಿಯನ್ನೂ ಕಡತದ ಮಾದರಿ ಸಹಿಯನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ, ಅಷ್ಟೆ. ವಾಪಸಾತಿ ಮೆಮೊದಲ್ಲಿ 12ನೇ ಕಾರಣ, ‘ಡ್ರಾಯರ್ಸ್ ಸಿಗ್ನೇಚರ್ ಡಿಫರ್ಸ್’, ಅಂದರೆ ಚೆಕ್ ಬರೆದವರ ಸಹಿ ತಾಳೆಯಾಗುತ್ತಿಲ್ಲ ಎಂದು ಬರುತ್ತದೆ.

ಮಾದರಿ ಸಹಿ ಬದಲಿಸಲು ಖಾತೆದಾರರೇ ಗುರುತಿನ ಚೀಟಿ, ಪಾನ್ ಕಾರ್ಡ್ ಮತ್ತು ಪಾಸ್‌ಬುಕ್ಕಿನೊಂದಿಗೆ ಶಾಖೆಗೆ ಹೋಗಿ ಅರ್ಜಿ ಕೊಡಬೇಕು. ಮೂಲ ಶಾಖೆಯಾದರೆ ಅನುಕೂಲ. ಅರ್ಜಿಯಲ್ಲಿ ಹಳೆಯ ಸಹಿಯನ್ನೂ ಕೇಳುವುದೇಕೆ ಎಂಬುದು ನನಗೆ ಬಹಳ ಹೊತ್ತು ಅರ್ಥವಾಗಿರಲಿಲ್ಲ. ಖಾತೆಯ ವ್ಯವಹಾರಕ್ಕೆ ಈವರೆಗೆ ಬ್ಯಾಂಕು ಒಪ್ಪಿರುವುದು ಹಳೆಯ ಸಹಿಯನ್ನು. ಹಾಗಾಗಿ ಅದನ್ನು ಬದಲಿಸಿ ಎಂಬ ಕೋರಿಕೆಯೂ ಆ ಸಹಿಯಿಂದಲೇ ಬರಬೇಕೆಂದು ಬ್ಯಾಂಕು ಬಯಸುತ್ತದೆ. ಇಲ್ಲವಾದರೆ ಪಾಸ್‌ಬುಕ್ ಸಿಕ್ಕ ಯಾರು ಬೇಕಾದರೂ ತಮ್ಮ ಸಹಿಯನ್ನು ಕಡತಕ್ಕೆ ಸೇರಿಸಲು ಯತ್ನಿಸಬಹುದು. ಪಾರ್ಶ್ವವಾಯು ಅಥವಾ ಕೈನಡುಕದಿಂದ ಹಳೆಯ ಸಹಿ ಹಾಕಲಾಗದವರು ಅದನ್ನು ಅಧಿಕಾರಿಗೆ ಮೊದಲೇ ತಿಳಿಸಬೇಕು; ಆಗ ಗುರುತನ್ನು ದಾಖಲೆಗಳಿಂದ ಖಚಿತಪಡಿಸಿಕೊಂಡು, ಎದುರಿನಲ್ಲೇ ಹೊಸ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆಯುತ್ತಾರೆ. ಜಂಟಿ ಖಾತೆಯಲ್ಲಿ ಪ್ರತಿಯೊಬ್ಬರ ಮಾದರಿ ಸಹಿಯೂ ಪ್ರತ್ಯೇಕ.

ಕೌಂಟರಿನಲ್ಲಿ ಅರ್ಜಿ ಕೊಟ್ಟೊಡನೆ ಬದಲಾವಣೆ ಆಗಿಬಿಡುವುದಿಲ್ಲ. ಒಬ್ಬರು ಸಹಿಯನ್ನು ಸ್ಕ್ಯಾನ್ ಮಾಡಿ ಸೇರಿಸಿದರೆ, ಮತ್ತೊಬ್ಬ ಅಧಿಕಾರಿ ಅನುಮೋದಿಸಿದ ಮೇಲೆಯೇ ಅದು ಎಲ್ಲ ಪರದೆಗಳಲ್ಲಿ ಕಾಣುತ್ತದೆ. ಅನುಮೋದನೆಯಾಗಿದೆಯೇ ಎಂದು ಶಾಖೆಯಲ್ಲಿ ಕೇಳಿ ತಿಳಿಯುವವರೆಗೆ ಹೊಸ ಸಹಿಯ ಚೆಕ್ ಕೊಡದಿರುವುದು ಕ್ಷೇಮ. ಇದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು, ಈಗಾಗಲೇ ಹಳೆಯ ಸಹಿ ಹಾಕಿ ಕೊಟ್ಟಿರುವ ಮುಂದಿನ ತಾರೀಖಿನ ಚೆಕ್ಕುಗಳು. ಅವು ಕ್ಲಿಯರಿಂಗ್‌ಗೆ ಬರುವ ಹೊತ್ತಿಗೆ ಕಡತದಲ್ಲಿ ಹೊಸ ಸಹಿ ಇರುವುದರಿಂದ, ಸರಿಯಾಗಿ ಬರೆದ ಚೆಕ್ಕುಗಳೂ ವಾಪಸಾಗಬಹುದು. ಅವುಗಳನ್ನು ಹಿಂಪಡೆದು ಬೇರೆ ಚೆಕ್ ಕೊಡಬೇಕು, ಇಲ್ಲವೇ ಅವು ಪಾವತಿಯಾಗುವವರೆಗೆ ಸಹಿ ಬದಲಾವಣೆಯನ್ನು ಮುಂದೂಡಬೇಕು.

ನಮ್ಮ ರೈತರ ಚೆಕ್ಕಿನ ಸ್ಥಿತಿ ಇದಕ್ಕೆ ತಿರುಗುಮುರುಗು. ಅದರ ಮೇಲಿರುವುದು ಹೊಸ ಸಹಿಯೇ ಆದ್ದರಿಂದ, ಕಡತ ಬದಲಾದ ನಂತರ, ಚೆಕ್ಕಿನ ತಾರೀಖಿನಿಂದ 3 ತಿಂಗಳು ಮೀರದಿದ್ದರೆ ಅಂಗಡಿಯವರು ಅದನ್ನೇ ಮತ್ತೆ ಹಾಜರುಪಡಿಸಬಹುದು.