ಹಿಂಬಾಕಿ ಅಂದ್ರೆ ಸಾಲ ಅಲ್ಲ, ಕ್ಯುಮುಲೇಟಿವ್ ಅಂದ್ರೆ ಚಕ್ರಬಡ್ಡಿ ಅಲ್ಲ

"ಲಾಭ ಕಮ್ಮಿ ಬಂದ ವರ್ಷ ಪ್ರಿಫರೆನ್ಸ್ ಡಿವಿಡೆಂಡ್ ಅರಿಯರ್ಸನ್ನ ಪ್ರಿಫರೆನ್ಸ್‌ನವರೂ ಈಕ್ವಿಟಿಯವರೂ ಬಂಡವಾಳದ ಪ್ರಮಾಣದಲ್ಲಿ ಹಂಚ್ಕೋಬೇಕು." ಈ ಸಾಲನ್ನ ಕಾಮರ್ಸ್ ಹುಡುಗರ ನೋಟ್ಸಲ್ಲಿ ಮೊನ್ನೆ ಮತ್ತೆ ಓದ್ದೆ. ಈ ವರ್ಷ ಇದು ಮೂರನೇ ಸಲ, ಅದಕ್ಕೇ ಬರೀತಿದೀನಿ. ಪ್ರಿಫರೆನ್ಸ್ ಷೇರು ಅಂದ್ರೆ ಗೊತ್ತುಮಾಡಿದ ದರದ ಡಿವಿಡೆಂಡ್ ಈಕ್ವಿಟಿಗಿಂತ, ಅಂದ್ರೆ ಮಾಮೂಲಿ ಷೇರಿಗಿಂತ, ಮೊದಲು ಸಿಗೋ ಷೇರು. ಇಲ್ಲಿ ಅರಿಯರ್ಸ್ ಅನ್ನೋ ಪದಾನೂ ತಪ್ಪಾಗಿ ಕೂತಿದೆ, ಹಂಚ್ಕೋಳ್ಳೋದು ಅನ್ನೋದೂ ತಪ್ಪಾಗಿ ಕೂತಿದೆ, ಇದನ್ನೇ ನಂಬಿ ಲೆಕ್ಕ ಮಾಡಿದ್ರೆ ಉತ್ತರ ಸರಿ ಬರೋಕೆ ದಾರೀನೇ ಇಲ್ಲ.

ಮೊದಲು ಅರಿಯರ್ಸ್. ನಮ್ಮಲ್ಲಿ ಈ ಪದ ಮನೆಮನೆಗೂ ಬಂದಿದ್ದು ಸರ್ಕಾರಿ ನೌಕರರ ಸಂಬಳದಿಂದ. ಡಿಎ ಅರಿಯರ್ಸ್ ಬಂತು ಅಂತೀವಿ, ಪೇಪರ್‌ನೋರು ಅದನ್ನೇ ವೇತನ ಹಿಂಬಾಕಿ ಅಂತ ಬರೀತಾರೆ. ಅಲ್ಲಿ ಆದೇಶ ಆಗಿರುತ್ತೆ, ದುಡ್ಡು ಕೊಡಲೇಬೇಕು, ತಡ ಆಗಿದೆ ಅಷ್ಟೆ. ಆ ಅರ್ಥ ತಲೇಲಿಟ್ಕೊಂಡು ಷೇರಿನ ಕಡೆ ಬಂದ್ರೆ ಪ್ರಿಫರೆನ್ಸ್ ಹಿಂಬಾಕಿ ಕೂಡ ಕಂಪನಿ ತೀರಿಸಬೇಕಾದ ಸಾಲ ಅನ್ಸುತ್ತೆ. ಆದ್ರೆ ಪದದ ಬುಡ ನೋಡಿ. ಬಾಕಿ ಅರಬ್ಬೀ ಮೂಲದ್ದು, ಅದರ ಮೊದಲ ಅರ್ಥ ಉಳಿದದ್ದು ಅಂತ. ಈಗ್ಲೂ ಕನ್ನಡದಲ್ಲಿ ಎರಡೂ ಅರ್ಥ ಓಡಾಡ್ತವೆ: "ಇನ್ನೂ ಎರಡು ಲೆಕ್ಕ ಬಾಕಿ ಇದೆ" ಅಂದಾಗ ಯಾರಿಗೂ ಯಾರೂ ಏನೂ ಕೊಡಬೇಕಾಗಿಲ್ಲ, "ಅಂಗಡಿ ಬಾಕಿ ಕೊಡ್ಬೇಕು" ಅಂದಾಗ ಮಾತ್ರ ಸಾಲ. ಅರಿಯರ್ಸ್ ಕೂಡ ಹಳೇ ಫ್ರೆಂಚಿನಿಂದ ಬಂದದ್ದು, ಹಿಂದೆ ಅಂತ ಅರ್ಥ. ಪ್ರಿಫರೆನ್ಸ್ ಡಿವಿಡೆಂಡ್ ವಿಷಯದಲ್ಲಿ ಹಿಂಬಾಕಿಗೆ ಈ ಹಳೇ ಅರ್ಥವೇ ಸರಿ, ಅಂದ್ರೆ ಹಿಂದೆ ಉಳಿದದ್ದು. ಡಿವಿಡೆಂಡ್ ಘೋಷಣೆ ಆಗೋವರೆಗೂ ಅದು ಸಾಲ ಆಗಲ್ಲ, ಷೇರುದಾರ ಕಂಪನಿ ಮೇಲೆ ವಸೂಲಿ ಕೇಸ್ ಹಾಕೋಕೆ ಬರಲ್ಲ, ಬ್ಯಾಲೆನ್ಸ್ ಶೀಟಿನ ಸಾಲದ ಸಾಲುಗಳಲ್ಲೂ ಅದು ಕಾಣಲ್ಲ. ಕಂಪನಿ ಲೆಕ್ಕಪತ್ರದ ಜೊತೆ ಬರೋ ನೋಟ್ಸಿನಲ್ಲಿ ಬೇರೆಯಾಗಿ ತೋರಿಸಬೇಕು ಅಂತ ಕಂಪನಿ ಕಾಯ್ದೆಯ ಮೂರನೇ ಶೆಡ್ಯೂಲ್ ಹೇಳುತ್ತೆ, ಹುಡುಕೋರು ಅಲ್ಲಿ ಹುಡುಕಬೇಕು.

ಇನ್ನು ಕ್ಯುಮುಲೇಟಿವ್. ನನಗೆ ಜಾಸ್ತಿ ಬೇಜಾರಾಗೋದು ಇದ್ರಲ್ಲೇ. ಬ್ಯಾಂಕಿನ ಕ್ಯುಮುಲೇಟಿವ್ ಡಿಪಾಸಿಟ್ ಎಲ್ರಿಗೂ ಗೊತ್ತು, ಬಡ್ಡಿ ಕೈಗೆ ಕೊಡದೆ ಅಸಲಿಗೆ ಸೇರಿಸ್ತಾರೆ, ಮುಂದಿನ ಸಲ ಬಡ್ಡಿಗೂ ಬಡ್ಡಿ. ಹಾಗಾಗಿ ಕ್ಯುಮುಲೇಟಿವ್ ಪ್ರಿಫರೆನ್ಸ್ ಷೇರು ಅಂದ ತಕ್ಷಣ ಉಳಿದ ಡಿವಿಡೆಂಡಿನ ಮೇಲೆ ಮತ್ತೆ ಎಂಟು ಪರ್ಸೆಂಟ್ ಹಾಕೋರು ಎಷ್ಟೋ ಜನ. ಈ ಪದ ಲ್ಯಾಟಿನ್‌ನ ಕ್ಯುಮುಲಸ್ಸಿಂದ ಬಂದದ್ದು, ರಾಶಿ, ಗುಡ್ಡೆ ಅಂತ ಅರ್ಥ, ಗುಡ್ಡೆ ಗುಡ್ಡೆಯಾಗಿ ಕಾಣೋ ಮೋಡಕ್ಕೂ ಅದೇ ಹೆಸರು. ಕಣದಲ್ಲಿ ರಾಗಿ ರಾಶಿ ಹಾಕಿದ್ರೆ ಇವತ್ತಿನ ಹತ್ತು ಸೇರಿನ ಪಕ್ಕ ನಾಳಿನ ಹತ್ತು ಸೇರು ಬೀಳುತ್ತೆ, ಇಪ್ಪತ್ತಾಗುತ್ತೆ, ರಾಶಿ ಮಾಡಿದ್ದಕ್ಕೇ ಇಪ್ಪತ್ತೊಂದಾಗಲ್ಲ. ಪ್ರಿಫರೆನ್ಸ್ ಷೇರಿನ ಕ್ಯುಮುಲೇಟಿವ್ ಅಷ್ಟೇ, ಕೊಡದೇ ಉಳಿದ ವರ್ಷದ್ದರ ಮೇಲೆ ಮುಂದಿನ ವರ್ಷದ್ದು ಪೇರಿಸ್ಕೊಂಡು ಹೋಗೋದು. ಷೇರು ಬಿಡುಗಡೆ ಮಾಡುವಾಗ ಷರತ್ತಿನಲ್ಲಿ ಬೇರೆ ಬರೆದಿದ್ರೆ ಮಾತು ಬೇರೆ, ಬರೆದಿಲ್ಲ ಅಂದ್ರೆ ಬಡ್ಡಿ ಇಲ್ಲ.

ಒಂದು ಲೆಕ್ಕ ಹಿಡಿಯೋಣ. ಕಂಪನಿಗೆ 8% ಕ್ಯುಮುಲೇಟಿವ್ ಪ್ರಿಫರೆನ್ಸ್ ಬಂಡವಾಳ 10 ಲಕ್ಷ, ಅಂದ್ರೆ ವರ್ಷಕ್ಕೆ 80,000 ರೂಪಾಯಿ ಅವರದ್ದು. ಈಕ್ವಿಟಿ 20 ಲಕ್ಷ, ಹತ್ತು ರೂಪಾಯಿಯ 2 ಲಕ್ಷ ಷೇರು. ಹಳೇ ರಿಸರ್ವ್ ಏನೂ ಇಲ್ಲ, ಹಂಚೋಕೆ ಬರೋ ಲಾಭವನ್ನೆಲ್ಲ ಹಂಚ್ತಾರೆ. ಮೊದಲನೇ ವರ್ಷ ಲಾಭಾನೂ ಇಲ್ಲ ನಷ್ಟಾನೂ ಇಲ್ಲ, ಯಾರಿಗೂ ಏನೂ ಇಲ್ಲ, ಹಿಂಬಾಕಿ 80,000. (ನಷ್ಟ ಆಗಿದ್ರೆ ಮುಂದಿನ ವರ್ಷದ ಲಾಭದಿಂದ ಮೊದಲು ಆ ಗುಂಡಿ ಮುಚ್ಚಬೇಕು, ಆಮೇಲೆ ಡಿವಿಡೆಂಡಿನ ಮಾತು.) ಎರಡನೇ ವರ್ಷ ಲಾಭ 50,000. ಮೇಲಿನ ನೋಟ್ಸಿನ ಪ್ರಕಾರ ಹೋದ್ರೆ ಇದನ್ನ 1:2ರಲ್ಲಿ ಹಂಚಿ ಈಕ್ವಿಟಿಗೆ 33,333 ಕೊಡಬೇಕು, ಅದು ಪೂರ್ತಿ ತಪ್ಪು. ಐವತ್ತು ಸಾವಿರಾನೂ ಪ್ರಿಫರೆನ್ಸ್‌ಗೇ ಹೋಗುತ್ತೆ. ಅವರ ರಾಶಿ 80,000 ಪ್ಲಸ್ 80,000, ಅದ್ರಲ್ಲಿ 50,000 ಕಳೆದ್ರೆ 1,10,000 ಉಳೀತು.

ಮೂರನೇ ವರ್ಷ ಲಾಭ 2 ಲಕ್ಷ. ಇಲ್ಲೇ ಜನ ಎಡವೋದು. ಎಂಬತ್ತು ಸಾವಿರ ಪ್ರಿಫರೆನ್ಸ್‌ಗೆ ಕೊಟ್ಟು 1,20,000 ಈಕ್ವಿಟಿಗೆ ಅಂತ ಬರೆದುಬಿಡ್ತಾರೆ, ಅಂದ್ರೆ ನಾನ್‌ಕ್ಯುಮುಲೇಟಿವ್ ಲೆಕ್ಕ ಮಾಡಿದ ಹಾಗಾಯ್ತು. ಸರಿಯಾದ್ದು, ಮೊದಲು ಹಿಂಬಾಕಿ 1,10,000, ಆಮೇಲೆ ಈ ವರ್ಷದ 80,000, ಒಟ್ಟು 1,90,000 ಪ್ರಿಫರೆನ್ಸ್‌ಗೆ. ಈಕ್ವಿಟಿಗೆ ಉಳಿಯೋದು ಹತ್ತೇ ಸಾವಿರ, ಷೇರಿಗೆ ಐದು ಪೈಸೆ. ಲಾಭ 1,50,000 ಮಾತ್ರ ಬಂದಿದ್ರೆ ಅಷ್ಟೂ ಪ್ರಿಫರೆನ್ಸ್‌ಗೆ ಹೋಗಿ 40,000 ಹಿಂಬಾಕಿ ನಾಲ್ಕನೇ ವರ್ಷಕ್ಕೆ ನಡೀತಿತ್ತು. ನಿಮ್ಮ ಉತ್ತರ ಸರೀನಾ ಅಂತ ನೋಡೋಕೆ ಒಂದು ತಾಳೆ ಇದೆ: ಮೂರು ವರ್ಷ ಸೇರಿಸಿ ಪ್ರಿಫರೆನ್ಸ್‌ನವರಿಗೆ ಕೊಟ್ಟಿದ್ದು ಮತ್ತು ಇನ್ನೂ ಉಳಿದದ್ದು ಕೂಡಿದ್ರೆ 2,40,000 ಬರಲೇಬೇಕು, ಜಾಸ್ತಿ ಬಂದ್ರೆ ಎಲ್ಲೋ ಬಡ್ಡಿ ಹಾಕಿದೀರಿ, ಕಮ್ಮಿ ಬಂದ್ರೆ ಹಿಂಬಾಕಿ ಮರೆತಿದೀರಿ.

ಹಂಚ್ಕೋಳ್ಳೋದು ಅನ್ನೋ ಪದ ಯಾಕೆ ಕೆಟ್ಟದ್ದು ಅಂತ ಇಷ್ಟು ಹೊತ್ತಿಗೆ ಗೊತ್ತಾಗಿರ್ಬೇಕು. ಇದು ಪಾಲು ಅಲ್ಲ, ಕ್ಯೂ. ಮುಂದೆ ನಿಂತವರದ್ದು ಪೂರ್ತಿ ತುಂಬೋವರೆಗೂ ಹಿಂದಿನವರ ಕೈಗೆ ಒಂದು ರೂಪಾಯೀನೂ ಬರಲ್ಲ. ಈಕ್ವಿಟಿಯವರಿಗೆ ಹಿಂಬಾಕಿ ಅನ್ನೋದೇ ಇಲ್ಲ, ಅವರಿಗೆ ಡಿವಿಡೆಂಡ್ ಬರದ ವರ್ಷ ಹೋಯ್ತು ಅಂದ್ರೆ ಹೋಯ್ತು, ಅವರ ಲೆಕ್ಕದಲ್ಲಿ ರಾಶಿ ಹಾಕೋಕೆ ಕಣಾನೇ ಇಲ್ಲ.

ಹಾಗಾದ್ರೆ ಲಾಭ ಇದ್ದೂ ಡೈರೆಕ್ಟರುಗಳು ಡಿವಿಡೆಂಡ್ ಬೇಡ ಅಂದ್ರೆ ಪ್ರಿಫರೆನ್ಸ್‌ನವರು ಬಾಯಿ ಮುಚ್ಕೊಂಡು ಕೂರಬೇಕಾ ಅಂತ ಕೇಳ್ತಾರೆ. ಘೋಷಣೆ ಮಾಡಿ ಅಂತ ಬಲವಂತ ಮಾಡೋಕೆ ಸಾಮಾನ್ಯವಾಗಿ ಆಗಲ್ಲ ನಿಜ, ಆದ್ರೆ ಎರಡು ಹಿಡಿತ ಇವೆ. ಇವರ ರಾಶಿ ತೀರಿಸದೆ ಈಕ್ವಿಟಿಗೆ ಕೊಡೋ ಹಾಗಿಲ್ಲ, ಅದೊಂದು. ಇನ್ನೊಂದು 2013ರ ಕಂಪನಿ ಕಾಯ್ದೆಯ 47ನೇ ಸೆಕ್ಷನ್, ಒಂದು ವರ್ಗದ ಪ್ರಿಫರೆನ್ಸ್ ಷೇರಿಗೆ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಡಿವಿಡೆಂಡ್ ಕೊಟ್ಟಿಲ್ಲ ಅಂದ್ರೆ, ಮಾಮೂಲಾಗಿ ತಮ್ಮ ಹಕ್ಕಿಗೆ ಸಂಬಂಧಪಟ್ಟ ವಿಷಯಕ್ಕೆ ಮಾತ್ರ ಓಟು ಹಾಕ್ತಿದ್ದವರು ಕಂಪನಿಯ ಮುಂದೆ ಬರೋ ಎಲ್ಲಾ ನಿರ್ಣಯಕ್ಕೂ ಓಟು ಹಾಕಬಹುದು. ಪ್ರೈವೇಟ್ ಕಂಪನಿಗಳು ತಮ್ಮ ಆರ್ಟಿಕಲ್ಸಿನಲ್ಲಿ, ಅಂದ್ರೆ ಕಂಪನಿಯ ಒಳಗಿನ ನಿಯಮಾವಳಿಯಲ್ಲಿ, ಬರ್ಕೊಂಡು ಇದರಿಂದ ತಪ್ಪಿಸ್ಕೋಬಹುದು, ಹಾಗಾಗಿ ಅಂಥ ಕಡೆ ದುಡ್ಡು ಹಾಕೋ ಮೊದಲು ಆರ್ಟಿಕಲ್ಸ್ ತೆಗೆಸಿ ಓದಿ. ಓದುವಾಗ ಕಂಪನಿ ಮುಚ್ಚಿದ್ರೆ ಹಿಂಬಾಕಿ ಕೊಡ್ತಾರಾ ಇಲ್ವಾ ಅನ್ನೋದನ್ನೂ ನೋಡ್ಕೊಳ್ಳಿ, ಘೋಷಣೆ ಆಗದೇ ಉಳಿದ ರಾಶಿಯ ಗತಿ ಆಗ ಅಲ್ಲಿ ಬರೆದ ಮಾತಿನ ಮೇಲೇ ನಿಂತಿರುತ್ತೆ.