ಒಂದೇ ಪ್ರಬಂಧದಲ್ಲಿ ಎರಡು ಬಗೆಯ *N*

ಕಲಬುರಗಿಯ ತೊಗರಿ ಬೆಳೆಗಾರರ ಬಗ್ಗೆ ಗೆಳತಿ ಬರೆದ ಪ್ರಬಂಧದ ಕರಡು ತಿದ್ದಿ ಈಗಷ್ಟೇ ಮುಗಿಸಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಾವು ಅನುಸರಿಸಿದ್ದು ಎಪಿಎ ಶೈಲಿಯ 7ನೇ ಆವೃತ್ತಿ.

ಇಟಾಲಿಕ್ ವಿಷಯ ಸುಲಭ. *M*, *SD*, *t*, *p* ಓರೆಯಾಗಿರಬೇಕು. β, χ² ಗ್ರೀಕ್ ಅಕ್ಷರಗಳು, ಅವು ನೇರವಾಗಿಯೇ ಇರಲಿ. ಸಮ ಚಿಹ್ನೆಯ ಎರಡೂ ಕಡೆ ಜಾಗ ಬಿಡಬೇಕು: *p* = .03.

ನಾನು ಎಡವಿದ್ದು *n* ಮತ್ತು *N* ಹತ್ತಿರ. ಕಾಲೇಜಿನಲ್ಲಿ ಓದಿದ್ದು ಹೀಗೆ: *N* ಅಂದರೆ ಇಡೀ ಸಮುದಾಯ, *n* ಅಂದರೆ ಅದರಿಂದ ಆರಿಸಿದ ಮಾದರಿ. ಎಪಿಎಯಲ್ಲಿ ಹಾಗಲ್ಲ. ಅಲ್ಲಿ ಇಡೀ ಮಾದರಿಯೇ *N*, ಅದರೊಳಗಿನ ಒಂದು ಗುಂಪು *n*. ಗೆಳತಿಯ ವಿಧಾನದ ಅಧ್ಯಾಯದಲ್ಲಿ ಮೊದಲ ಅರ್ಥ ಇತ್ತು, ಫಲಿತಾಂಶದಲ್ಲಿ ಎರಡನೆಯದು. ಒಂದೊಂದನ್ನೇ ನೋಡಿದರೆ ಎರಡೂ ಸರಿ, ಒಟ್ಟಿಗೆ ಓದಿದರೆ ಗೊಂದಲ. ಅದಕ್ಕೆ ಹಳ್ಳಿಯ ಒಟ್ಟು ರೈತರ ಸಂಖ್ಯೆಯನ್ನು ಅಕ್ಷರವಿಲ್ಲದೆ ಮಾತಿನಲ್ಲೇ ಬರೆದೆವು. *N* ಮಾದರಿಗೆ ಮಾತ್ರ ಉಳಿಯಿತು.

ಆ ಮಾದರಿ ಎಷ್ಟು? 240 ಜನರನ್ನು ಕೇಳಿದ್ದರು. 12 ಪ್ರಶ್ನಾವಳಿ ಅರ್ಧಕ್ಕೇ ನಿಂತಿದ್ದವು, ಅವನ್ನು ಬಿಟ್ಟರು. ಲೆಕ್ಕಕ್ಕೆ ಬಂದವರು 228. ಹಾಗಾಗಿ ಫಲಿತಾಂಶದ ಉದ್ದಕ್ಕೂ *N* = 228, ಗಂಡಸರು *n* = 171, ಹೆಂಗಸರು *n* = 57. ಗುಂಪುಗಳನ್ನು ಕೂಡಿಸಿದರೆ *N* ಬರಬೇಕು, ಅಲ್ವಾ? 171 + 57 = 228. ಬರದಿದ್ದರೆ ಎಲ್ಲೋ ಹಳೆಯ 240 ಉಳಿದಿದೆ ಅಂತ ಅರ್ಥ.

ಆದರೂ ಕೋಷ್ಟಕಗಳಲ್ಲಿ ಹೆಂಗಸರ ಸಾಲಿನಲ್ಲೂ ದೊಡ್ಡ *N* ಇತ್ತು. ಅವಳು ಸರಿಯಾಗಿಯೇ ಟೈಪ್ ಮಾಡಿದ್ದಳು. ವರ್ಡ್ ತಾನಾಗಿ ಕೋಷ್ಟಕದ ಪ್ರತಿ ಮನೆಯ ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತದೆ. AutoCorrect Options ಒಳಗೆ `Capitalize first letter of table cells` ಗುರುತು ತೆಗೆದರೆ ಅದು ನಿಲ್ಲುತ್ತದೆ. ಆಗಲೇ ಕೆಟ್ಟಿರುವುದನ್ನು ಮಾತ್ರ ಕೈಯಾರೆ ತಿದ್ದಬೇಕು. ಹುಡುಕುವಾಗ `Match case` ಹಾಕಿ `N =` ಕೊಡಿ. ಆಮೇಲೆ ಜಾಗವಿಲ್ಲದ `N=` ಅನ್ನೂ ಹುಡುಕಿ. ಇಲ್ಲದಿದ್ದರೆ ಅರ್ಧ ತಪ್ಪುಗಳು ಕಣ್ಣಿಗೇ ಬೀಳುವುದಿಲ್ಲ.

ಇನ್ನು ಶೇಕಡಾ. "ಶೇ. 75%" ಎಂದರೆ ಒಂದೇ ಮಾತು ಎರಡು ಸಲ ಹೇಳಿದ ಹಾಗೆ. "ಶೇ. 75" ಅಥವಾ "75%", ಒಂದನ್ನು ಹಿಡಿದು ಕೊನೆವರೆಗೂ ಅದನ್ನೇ ಬರೆಯಿರಿ. ಎಪಿಎಯಲ್ಲಿ ಅಂಕಿಗೂ % ಗೂ ನಡುವೆ ಜಾಗವಿಲ್ಲ. ಎಸ್‌ಐ ಪದ್ಧತಿ ಕೇಳುವ ಕಡೆ ಜಾಗ ಬೇಕು, ಹಾಗಾಗಿ ಮೊದಲು ನಿಮ್ಮ ನಿಯಮಾವಳಿ ನೋಡಿ.

ಚಿಹ್ನೆ ಸರಿಯಿದ್ದರೂ ಅಂಕಿ ತಪ್ಪಿರಬಹುದು. ಹನಿ ನೀರಾವರಿ ಬಳಸುವ ಹೆಂಗಸರು 19 ಜನ, "8.3%" ಎಂದಿತ್ತು. ಅದು 228ರಿಂದ ಭಾಗಿಸಿದ್ದು. ಸಾಲಿನ ತಲೆಯಲ್ಲಿ *n* = 57 ಇರುವಾಗ ಅಲ್ಲಿ 33.3% ಇರಬೇಕು. ಹೀಗೆ ಶೇಕಡಾವನ್ನು *n* ಜೊತೆ ಗುಣಿಸಿ ನೋಡಿದಾಗಲೇ ಇನ್ನೂ ಎರಡು ಸಾಲು ಸಿಕ್ಕಿಬಿದ್ದವು.